ಚುಕ್ಕಿ, ಏಣಿ ಮತ್ತು ಮಗ್ಗಿ: ತರಗತಿಯೊಳಗಿನ ಆಟದ ಏರ್ಪಾಟು ಮಕ್ಕಳನ್ನು ಎಷ್ಟು ದೂರ ಒಯ್ಯುತ್ತದೆ?

ಕಳೆದ ಬೇಸಿಗೆಯಲ್ಲಿ ಮದುವೆಯೊಂದರ ನಿಮಿತ್ತ ಇಂಡಿ ತಾಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿರುವಾಗ ಗೋಡೆಗೆ ಅಂಟಿಸಿದ ರಟ್ಟಿನ ಹಾಳೆಯೊಂದು ಕಣ್ಣಿಗೆ ಬಿತ್ತು. ಅದರ ಮೇಲೆ ಬಂಗಾರದ ಬಣ್ಣದ ಕಾಗದದ ಚುಕ್ಕಿಗಳು ಸಾಲಾಗಿ ಮಿನುಗುತ್ತಿದ್ದವು. ಆ ಮನೆಯ ನಾಲ್ಕನೆಯ ಇಯತ್ತೆಯ ಹುಡುಗಿ ಲೆಕ್ಕದಲ್ಲಿ ಗಳಿಸಿದ ಚುಕ್ಕಿಗಳವು. ಹತ್ತು ಚುಕ್ಕಿಗೊಂದು ಪೆನ್ಸಿಲು, ಐವತ್ತಕ್ಕೊಂದು ಕಂಪಾಸ ಪೆಟ್ಟಿಗೆ ಎಂದು ಶಾಲೆಯಲ್ಲಿ ಗೊತ್ತುಮಾಡಿದ್ದರು. ನಾನು ಮೆಚ್ಚಿಕೆಯ ಮಾತನಾಡುವಷ್ಟರಲ್ಲಿ ಆಕೆಯ ತಾಯಿ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದಳು: "ಮುತ್ಯಾ, ಮದಲ ಈಕಿ ತಾನಾಗೇ ಪಾಟಿ ತಗೊಂಡು ಲೆಕ್ಕ ಮಾಡಾಕಿ. ಈಗ ಇದಕ್ಕ ಚುಕ್ಕಿ ಐತೇನು ಅಂತ ಕೇಳೇ ಪುಸ್ತಕ ತೆಗಿತಾಳ್ರಿ. ಇದು ಚಲೋ ಆತೋ, ಕೆಟ್ಟಾತೋ ನೀವೇ ಹೇಳ್ರಿ."

ಆ ದಿನ ಆ ತಾಯಿಗೆ ಸಮರ್ಪಕವಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಏನೋ ಸಮಾಧಾನದ ಮಾತು ಹೇಳಿ ಎದ್ದು ಬಂದೆ. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಆಮೇಲೆ ಓದಿ, ಕೇಳಿ, ನಮ್ಮ ಭಾಗದ ಕೆಲವು ಶಾಲೆಗಳನ್ನು ಕಂಡು ತಿಳಿದುಕೊಂಡದ್ದನ್ನು ಈ ಪುಟಗಳಲ್ಲಿ ನಿವೇದಿಸುತ್ತಿದ್ದೇನೆ. ಇಂಥ ಪ್ರಶ್ನೆ ಆಕೆಯೊಬ್ಬಳದೇ ಆಗಿರಲಾರದು.

ಆಟದಲ್ಲಿರುವ ಅಂಕ, ಚುಕ್ಕಿ, ಬಿಲ್ಲೆ, ಮೆಟ್ಟಿಲು, ಪಂದ್ಯ, ಮೇಲು-ಕೆಳಗಿನ ಪಟ್ಟಿ ಇವುಗಳನ್ನು ಆಟವಲ್ಲದ ಕೆಲಸಕ್ಕೆ ತಂದು ಹೊಂದಿಸುವುದಕ್ಕೆ ವಿದ್ವಾಂಸರು 'ಗೇಮಿಫಿಕೇಶನ್' ಎಂದು ಹೆಸರಿಟ್ಟಿದ್ದಾರೆ. ಈ ಅರ್ಥವನ್ನು ಖಚಿತಪಡಿಸಿದ ಪ್ರಬಂಧ ಹೊರಬಂದದ್ದು 2011ರಲ್ಲಿ. ನಾನು ಇಲ್ಲಿ ಸರಳವಾಗಿ 'ಆಟದ ಏರ್ಪಾಟು' ಎನ್ನುತ್ತೇನೆ. ಇದನ್ನು ಆಟದ ಮೂಲಕ ಕಲಿಸುವುದರೊಡನೆ ಬೆರೆಸಬಾರದು. ಚೌಕಾಬಾರ ಆಡುತ್ತ ಕವಡೆ ಎಣಿಸಿ ಮನೆ ನಡೆಸುವ ಮಗು ಆಟದೊಳಗೇ ಎಣಿಕೆಯನ್ನು ಕಲಿಯುತ್ತದೆ. ಅಲ್ಲಿ ಎಣಿಕೆಯೇ ಆಟ. ಮಗ್ಗಿಯನ್ನು ಎಂದಿನಂತೆ ಬಾಯಿಪಾಠ ಮಾಡಿಸಿ, ಒಪ್ಪಿಸಿದವರಿಗೆ ಚುಕ್ಕಿ ಅಂಟಿಸಿದರೆ ಮಗ್ಗಿ ಮಗ್ಗಿಯಾಗಿಯೇ ಉಳಿದು ಆಟ ಅದರ ಸುತ್ತಲಿನ ಅಂಚಾಗುತ್ತದೆ. ನಮ್ಮ ವಿಚಾರ ಈ ಅಂಚಿನದು.

ಹೆಸರು ಹೊಸದಾದರೂ ವಸ್ತು ಹಳೆಯದು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ತನ್ನ ಜಿಲ್ಲೆಯ ಊರಶಾಲೆಗಳನ್ನು ಕುರಿತು ಮದ್ರಾಸಿನ ಸರಕಾರಕ್ಕೆ ಒಂದು ವರದಿ ಬರೆದ. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ ಅದು ಇಂದು ಎಲ್ಲರಿಗೂ ಓದಲು ಸಿಗುತ್ತದೆ. ಆ ಶಾಲೆಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಗೌರವಾರ್ಥವಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ, ಅಂದರೆ ಅವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. ಇಂದಿನ ಮೊಬೈಲ್ ಆಟಗಳಲ್ಲಿ ಕಾಣುವ ಮೇಲು-ಕೆಳಗಿನ ಪಟ್ಟಿಗೂ ಇದಕ್ಕೂ ರಚನೆಯಲ್ಲಿ ಭೇದವಿಲ್ಲ. ಛಡಿಯೊಂದನ್ನು ಬಿಟ್ಟರಾಯಿತು.

ಈ ಪದ್ಧತಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಹದಿನೈದನೆಯವನಾಗಿ ಬಂದ ಹುಡುಗನಿಗೆ ಹದಿಮೂರು ಪೆಟ್ಟು. ಅವನು ತಡವಾದದ್ದು ಸೋಮಾರಿತನದಿಂದಲೋ, ಮುಂಜಾನೆ ದನದ ಹಟ್ಟಿಯ ಕೆಲಸದಿಂದಲೋ ಎಂಬುದನ್ನು ಪಟ್ಟಿ ಕೇಳುವುದಿಲ್ಲ. ಮಠದ ಪಕ್ಕದಲ್ಲೇ ಮನೆಯಿದ್ದವನ ಅಂಗೈಗೆ ದಿನವೂ ಸರಸ್ವತಿ. ಊರ ಹೊರಗಿನ ತೋಟದಿಂದ ನಡೆದು ಬರುವವನಿಗೆ ಎಷ್ಟು ಓಡಿದರೂ ಸೊನ್ನೆಯೂ ದೊರೆಯಲಾರದು. ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅಲ್ಲಿ ಎಣಿಸುತ್ತಿದ್ದುದು ಬಂದ ಹೊತ್ತನ್ನು, ಕಲಿತ ಅಕ್ಷರವನ್ನಲ್ಲ. ಆದ್ದರಿಂದ ಆ ಏರ್ಪಾಟು ಹೆಚ್ಚೆಂದರೆ ಬೇಗ ಬರುವುದನ್ನು ಬೆಳೆಸಬಲ್ಲದು. ಅಂಗೈಯ ಮೇಲೆ ವಿದ್ಯಾದೇವತೆಯ ಹೆಸರಿದ್ದ ಮಾತ್ರಕ್ಕೆ ವಿದ್ಯೆ ಬೆಳೆಯಿತೆಂದು ಹೇಳಲು ಬರುವಂತಿಲ್ಲ. ಈ ಎರಡು ಸಂಶಯಗಳನ್ನು, ಅಂದರೆ ಯಾವುದನ್ನು ಎಣಿಸುತ್ತೇವೆ ಮತ್ತು ಕೆಳಗಿನವನ ಗತಿ ಏನು ಎಂಬುದನ್ನು, ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈಗ ಇಂಡಿಯ ತಾಯಿಯ ಪ್ರಶ್ನೆಗೆ ಬರೋಣ. ಅದು ಕೇವಲ ತಾಯಿಯ ಅಳುಕಲ್ಲ, ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮಾಡಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಅವರು ಆರಿಸಿಕೊಂಡದ್ದು ಸ್ಕೆಚ್ ಪೆನ್ನಿನಿಂದ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ 51 ಮಕ್ಕಳನ್ನು. ಒಂದು ಗುಂಪಿಗೆ, ಚಿತ್ರ ಬರೆದರೆ ಬಂಗಾರದ ಚುಕ್ಕಿ ಮತ್ತು ಕೆಂಪು ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಚಿತ್ರ ಮುಗಿದ ಮೇಲೆ ಅದೇ ಪತ್ರವನ್ನು ಅನಿರೀಕ್ಷಿತವಾಗಿ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದ ಬಳಿಕ, ಯಾವ ಬಹುಮಾನದ ಮಾತೂ ಇಲ್ಲದೆ ತರಗತಿಯಲ್ಲಿ ಪೆನ್ನುಗಳನ್ನಿಟ್ಟು, ಮಕ್ಕಳು ತಾವಾಗಿ ಅವುಗಳ ಬಳಿ ಎಷ್ಟು ಹೊತ್ತು ಕಳೆಯುತ್ತಾರೆಂಬುದನ್ನು ಮರೆಯಲ್ಲಿದ್ದು ಗುರುತು ಹಾಕಿಕೊಂಡರು. ಬಹುಮಾನ ಕಾಣದವರು ತಮ್ಮ ಬಿಡುವಿನ ಹೊತ್ತಿನಲ್ಲಿ ನೂರಕ್ಕೆ ಸುಮಾರು 17 ಭಾಗವನ್ನು ಚಿತ್ರಕ್ಕೆ ಕೊಟ್ಟರು, ಅನಿರೀಕ್ಷಿತವಾಗಿ ಪಡೆದವರು 18 ಭಾಗ. ಮೊದಲೇ ಮಾತು ಕೊಡಿಸಿಕೊಂಡು ಬರೆದವರು ಮಾತ್ರ 9 ಭಾಗಕ್ಕಿಂತಲೂ ಕಡಿಮೆ. ಇಷ್ಟದ ಕೆಲಸ ಕೂಲಿಯ ಕೆಲಸವಾಗಿ ಮಾರ್ಪಟ್ಟಿತ್ತು.

ಮುಂದೆ ಇಂಥ ಪ್ರಯೋಗಗಳು ಹೇರಳವಾಗಿ ನಡೆದವು. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ ಎಂಬವರು 128 ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ, ಮುಂಚಿತವಾಗಿ ಸಾರಿದ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ಕುಗ್ಗಿಸುತ್ತದೆಂದೂ, ಮಕ್ಕಳಲ್ಲಿ ಈ ಕುಗ್ಗುವಿಕೆ ಕಾಲೇಜಿನವರಿಗಿಂತ ಹೆಚ್ಚೆಂದೂ ಕಂಡುಬಂತು. ಕೆಲಸವನ್ನು ಕುರಿತ ಬಾಯಿಮಾತಿನ ಮೆಚ್ಚಿಕೆಗೆ ಆ ದೋಷವಿಲ್ಲ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಹಾನಿಯೆಂಬುದು ಕೆಲವೇ ಸಂದರ್ಭಗಳಿಗೆ ಸೀಮಿತವೆಂದು ಕ್ಯಾಮರೂನ್ ಮತ್ತು ಪಿಯರ್ಸ್ 1994ರಲ್ಲಿಯೇ ವಾದಿಸಿದ್ದರು. ಈ ವಾಗ್ವಾದದ ನಡುವೆ ಗೃಹಸ್ಥರು ಗಮನಿಸಬೇಕಾದ ಅಂಶ ಒಂದೇ. ಸ್ಟ್ಯಾನ್‌ಫರ್ಡಿನ ಮಕ್ಕಳಿಗೆ ಚಿತ್ರ ಮೊದಲೇ ಪ್ರಿಯವಾಗಿತ್ತು. ಪ್ರೀತಿ ಇದ್ದಲ್ಲಿ ಬಹುಮಾನ ಅದನ್ನು ಕದಿಯಬಲ್ಲದು. ಪ್ರೀತಿಯೇ ಇಲ್ಲದಲ್ಲಿ ಕದಿಯಲು ಏನಿದೆ? ಹದಿಮೂರರ ಮಗ್ಗಿಯನ್ನು ತಾನಾಗಿ ಪ್ರೀತಿಸುವ ಮಗು ವಿರಳ. ಆದಕಾರಣ ಇಂಡಿಯ ಆ ಹುಡುಗಿಗೆ ಚುಕ್ಕಿಯಿಂದ ನಷ್ಟವಾಗಿರಬಹುದು, ಅದೇ ತರಗತಿಯ ಇನ್ನೊಬ್ಬನಿಗೆ ಅದೇ ಚುಕ್ಕಿ ಪುಸ್ತಕ ತೆರೆಯುವ ನೆಪವಾಗಿರಬಹುದು. ಇಬ್ಬರಿಗೂ ಒಂದೇ ಹಾಳೆ ಅಂಟಿಸಿದ್ದೇ ತೊಡಕಿನ ಮೂಲ.

ಇಷ್ಟಕ್ಕೆ ನಿಲ್ಲಿಸಿದರೆ ಆಟದ ಏರ್ಪಾಟಿಗೆ ಅನ್ಯಾಯವಾದೀತು. ಅದರಿಂದ ಕಲಿಕೆ ಹೆಚ್ಚಿದ ದೃಢವಾದ ಸಾಕ್ಷ್ಯವೂ ಇದೆ. ನನಗೆ ಕಂಡ ಅತ್ಯುತ್ತಮ ಪರೀಕ್ಷೆ ದಕ್ಷಿಣ ಅಮೆರಿಕದ ಚಿಲಿ ದೇಶದ್ದು. ಅದರ ರಾಜಧಾನಿ ಸಾಂಟಿಯಾಗೋದಲ್ಲಿ ಬಡಮಕ್ಕಳು ಓದುವ 24 ಶಾಲೆಗಳನ್ನು ಆರಿಸಿ, ಪ್ರತಿ ಶಾಲೆಯ ನಾಲ್ಕನೆಯ ತರಗತಿಯ ವಿಭಾಗಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಗೊತ್ತುಮಾಡಿದರು. ಆ ವಿಭಾಗದ ಮಕ್ಕಳು ವಾರಕ್ಕೆರಡು ಸಲ, ಒಂದೂವರೆ ಗಂಟೆಯಂತೆ, ಕಂಪ್ಯೂಟರ್ ಕೋಣೆಯಲ್ಲಿ ಲೆಕ್ಕ ಬಿಡಿಸಿದರು. ಉತ್ತರ ಸರಿಯೋ ತಪ್ಪೋ ಒಡನೆಯೇ ತಿಳಿಯುತ್ತಿತ್ತು. ಒಬ್ಬೊಬ್ಬರ ನಡುವೆಯೂ, ಗುಂಪು ಗುಂಪುಗಳ ನಡುವೆಯೂ ಪಂದ್ಯಗಳಿದ್ದವು. ಇನ್ನೊಂದು ವಿಭಾಗ ಎಂದಿನಂತೆ ಕಲಿಯಿತು. ವರ್ಷದ ಕೊನೆಗೆ ಎರಡೂ ವಿಭಾಗಗಳು ಒಂದೇ ರಾಷ್ಟ್ರೀಯ ಪರೀಕ್ಷೆ ಬರೆದವು. ಅರಾಯ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಮನೆಮಾತಿನಲ್ಲಿ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತ ಮಗು ಗಣಿತದಲ್ಲಿ ಸುಮಾರು ಹತ್ತು ಮಕ್ಕಳನ್ನು ದಾಟಿ ಮುಂದೆ ಹೋಗುವಷ್ಟು ಲಾಭ. ಶಾಲೆಗಳಲ್ಲಿ ಮಾಡುವ ಸುಧಾರಣೆಗಳಲ್ಲಿ ಇಷ್ಟು ಫಲ ಸಿಗುವುದು ಅಪರೂಪ.

ಆದರೆ ಅದೇ ವಿದ್ವಾಂಸರು ಮಕ್ಕಳ ಮನಸ್ಸನ್ನೂ ಅಳೆದಿದ್ದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಪ್ರಯತ್ನದಿಂದ ಬುದ್ಧಿ ಬೆಳೆಯುತ್ತದೆಂಬ ನಂಬಿಕೆ ಆ ಮಕ್ಕಳಲ್ಲಿ ಹೆಚ್ಚಿತ್ತು. ಯಂತ್ರದ ಮೇಲೆ ಲೆಕ್ಕ ಮಾಡುವ ಹುರುಪೂ ಹೆಚ್ಚಿತ್ತು. ಗಣಿತದ ಮೇಲಣ ಒಳಗಿನ ಒಲವು ಮಾತ್ರ ಏರಿರಲಿಲ್ಲ. ಅಷ್ಟೇ ಅಲ್ಲ, ಗಣಿತವೆಂದರೆ ಎದೆ ಡವಗುಟ್ಟುವ ಭಯ ಹೆಚ್ಚಿತ್ತು. ಇತರರೊಡನೆ ಕೂಡಿ ಕೆಲಸ ಮಾಡುವ ಮನಸ್ಸು ಕಡಿಮೆಯಾಗಿತ್ತು. ಅಂಕ ಏರಿತು, ಒಲವು ಇದ್ದಲ್ಲೇ ಇತ್ತು, ಭಯ ಬೆಳೆಯಿತು. ಇದರಲ್ಲಿ ಇನ್ನೊಂದು ಗಂಟೂ ಇದೆ. ಆ ಮಕ್ಕಳಿಗೆ ದೊರೆತದ್ದು ಪಂದ್ಯ ಮಾತ್ರವಲ್ಲ; ಕ್ರಮಬದ್ಧವಾದ ಅಭ್ಯಾಸ ಮತ್ತು ತಕ್ಷಣದ ತಿದ್ದುಪಡಿಯೂ ದೊರೆತಿದ್ದವು. ಲಾಭದಲ್ಲಿ ಆಟದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂಬುದನ್ನು ಆ ಪರೀಕ್ಷೆಯಿಂದ ಬೇರ್ಪಡಿಸಲಾಗದು.

ಈ ಚಿಲಿಯ ಕಥೆಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮದೇ ಜಿಲ್ಲೆ. ಸೈನಿಕ ಶಾಲೆ, ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶಪರೀಕ್ಷೆಗೆಂದು ವಿಜಯಪುರದಲ್ಲಿ ಮತ್ತು ತಾಲೂಕು ಕೇಂದ್ರಗಳಲ್ಲಿ ಕೋಚಿಂಗ್ ವರ್ಗಗಳು ನಡೆಯುತ್ತಿರುವುದು ಎಲ್ಲರಿಗೂ ಗೊತ್ತು. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ವಾರವಾರ ಪರೀಕ್ಷೆ, ಅದರ ಮರುದಿನ ಕ್ರಮಾಂಕದ ಪಟ್ಟಿ. ಯಾರೂ ಇದನ್ನು ಗೇಮಿಫಿಕೇಶನ್ ಎಂದು ಕರೆಯುವುದಿಲ್ಲ, ಆದರೆ ಇದು ಅದೇ. ಪಟ್ಟಿಯ ಮೇಲ್ತುದಿಯ ಐದಾರು ಮಕ್ಕಳ ನಡುವೆ ತುರುಸು ಏರುತ್ತದೆ. ನಡುವಿನವರಿಗೆ ಆಗಾಗ ಆಸೆ ಚಿಗುರುತ್ತದೆ. ಕೊನೆಯ ಹತ್ತು ಮಕ್ಕಳಿಗೆ ಆ ಪಟ್ಟಿ ಪ್ರತಿ ವಾರ ಹೇಳುವುದು ಅವರಿಗೆ ಆಗಲೇ ಗೊತ್ತಿರುವ ಒಂದೇ ಸುದ್ದಿಯನ್ನು. ಕ್ಯಾಂಪ್‌ಬೆಲ್ ಕಂಡ ಹದಿನೈದನೆಯ ಹುಡುಗ ಇವನೇ, ಪೆಟ್ಟು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ವಯಸ್ಕರಲ್ಲಿಯೂ ಇದು ನಿರಪಾಯವಲ್ಲ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಒಂದೇ ವಿಷಯದ ಎರಡು ವಿಭಾಗಗಳಲ್ಲಿ ಒಂದಕ್ಕೆ ಬಿಲ್ಲೆ ಮತ್ತು ಕ್ರಮಾಂಕಪಟ್ಟಿಯನ್ನು ಅಳವಡಿಸಿ 16 ವಾರ ನಡೆಸಿದ ಅಧ್ಯಯನವನ್ನು ಹೇನಸ್ ಮತ್ತು ಫಾಕ್ಸ್ 2015ರಲ್ಲಿ ಪ್ರಕಟಿಸಿದರು. ಪಟ್ಟಿ ಇದ್ದ ವಿಭಾಗದವರ ಆಸಕ್ತಿ ಕಾಲಕ್ರಮೇಣ ಇನ್ನೊಂದು ವಿಭಾಗದವರಿಗಿಂತ ಕುಗ್ಗಿತು, ಅದರಿಂದಾಗಿ ಅವರ ಅಂತಿಮ ಪರೀಕ್ಷೆಯ ಅಂಕವೂ ಇಳಿಯಿತು.

ಕಾಲದ ಪ್ರಶ್ನೆಯೂ ಒಂದಿದೆ. ಹೊಸ ಚುಕ್ಕಿಯ ಹಾಳೆ ಅಂಟಿಸಿದ ಮೊದಲ ವಾರ ತರಗತಿ ಜಾತ್ರೆಯಂತಿರುತ್ತದೆ. ಗುರುಗಳು ಅದನ್ನೇ ನೋಡಿ ಯಶಸ್ವಿಯಾಯಿತೆಂದು ತೀರ್ಮಾನಿಸುತ್ತಾರೆ. ಬ್ರೆಜಿಲಿನಲ್ಲಿ 756 ವಿದ್ಯಾರ್ಥಿಗಳನ್ನು 14 ವಾರ ಗಮನಿಸಿದ ರೊಡ್ರಿಗೆಸ್ ಮತ್ತು ಸಂಗಡಿಗರು 2022ರಲ್ಲಿ ತಿಳಿಸಿದಂತೆ, ಸುಮಾರು ನಾಲ್ಕು ವಾರಗಳ ನಂತರ ಪರಿಣಾಮ ಇಳಿಯತೊಡಗಿತು, ಆ ಇಳಿತ ಎರಡರಿಂದ ಆರು ವಾರ ನಡೆಯಿತು, ಬಳಿಕ ಏರ್ಪಾಟು ರೂಢಿಯಾದಂತೆ ಮತ್ತೆ ತುಸು ಏರಿತು. ಅವರು ಕಾಲೇಜಿನವರು, ನಮ್ಮವರು ಮಕ್ಕಳು; ವಾರಗಳ ಲೆಕ್ಕವನ್ನು ಹಾಗೆಯೇ ಎತ್ತಿಕೊಳ್ಳಬೇಕಿಲ್ಲ. ಎರಡು ವಾರ ನೋಡಿ ಜಯಭೇರಿ ಹೊಡೆಯಬಾರದು, ಆರನೆಯ ವಾರ ನೋಡಿ ಹಾಳೆ ಹರಿದೊಗೆಯಲೂಬಾರದು ಎಂಬಷ್ಟು ಮಾತ್ರ ಇದರಿಂದ ಸಿದ್ಧವಾಗುತ್ತದೆ.

ಚದುರಿದ ಈ ಅಧ್ಯಯನಗಳನ್ನೆಲ್ಲ ಒಂದೆಡೆ ತಂದು ತೂಗಿದವರು ಜರ್ಮನಿಯ ಸೈಲರ್ ಮತ್ತು ಹೋಮ್ನರ್, 2020ರಲ್ಲಿ. ಒಟ್ಟಾರೆ ನೋಡಿದರೆ ಕಲಿಕೆ, ಉತ್ಸಾಹ, ನಡವಳಿಕೆ ಮೂರರಲ್ಲಿಯೂ ಸಣ್ಣದರಿಂದ ಮಧ್ಯಮ ಪ್ರಮಾಣದ ಲಾಭ ಕಂಡಿತು. ಆದರೆ ಬಿಗಿಯಾದ ಕ್ರಮದಲ್ಲಿ ನಡೆದ ಪ್ರಯೋಗಗಳನ್ನಷ್ಟೇ ಆರಿಸಿ ಪುನಃ ತೂಗಿದಾಗ ಕಲಿಕೆಯ ಲಾಭ ಉಳಿಯಿತು. ಉತ್ಸಾಹದ ಲಾಭ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಇದು ನನಗೆ ಆಶ್ಚರ್ಯ ತಂದಿತು. ಚುಕ್ಕಿಯಿಂದ ಉತ್ಸಾಹ ಬರುವುದಂತೂ ಖಂಡಿತ, ಕಲಿಕೆಯೇ ಅನುಮಾನ ಎಂದು ನಾವೆಲ್ಲ ಭಾವಿಸಿರುತ್ತೇವೆ. ಸಾಕ್ಷ್ಯ ನಿಂತಿರುವುದು ತಿರುಗಾಮುರುಗಾ.

ಯಾವುದನ್ನು ಎಣಿಸುತ್ತೇವೆ ಎಂಬ ಮೊದಲ ಸಂಶಯಕ್ಕೆ ಮನೆಯಲ್ಲಿಯೇ ಉದಾಹರಣೆ ಸಿಗುತ್ತದೆ. ಮುದ್ದೇಬಿಹಾಳದ ನನ್ನ ಸ್ನೇಹಿತರ ಮೊಮ್ಮಗ ಮೊಬೈಲಿನಲ್ಲಿ ಇಂಗ್ಲಿಷ್ ಕಲಿಯುವ ಆ್ಯಪ್ ಇಟ್ಟುಕೊಂಡಿದ್ದಾನೆ. ಅದು ಬಿಡದೆ ಆಡಿದ ದಿನಗಳನ್ನು ಎಣಿಸುತ್ತದೆ; ಒಂದು ದಿನ ತಪ್ಪಿದರೆ ಎಣಿಕೆ ಸೊನ್ನೆಗಿಳಿಯುತ್ತದೆ. ಹುಡುಗ ರಾತ್ರಿ ಹತ್ತೂವರೆಗೆ ನಿದ್ದೆಗಣ್ಣಿನಲ್ಲಿ ಎದ್ದು, ತನಗೆ ಆಗಲೇ ಬರುವ ಅತಿ ಸುಲಭದ ಪಾಠವನ್ನು ಒತ್ತಿ, ಎಣಿಕೆ ಉಳಿಸಿಕೊಂಡು ಮಲಗುತ್ತಾನೆ. ದಿನಗಳು ಬೆಳೆಯುತ್ತಿವೆ. ಅವನನ್ನು ದೂರುವಂತಿಲ್ಲ, ಆ ಏರ್ಪಾಟು ಕೇಳಿದ್ದನ್ನೇ ಅವನು ಕೊಡುತ್ತಿದ್ದಾನೆ.

ಆಟವೇ ಪಾಠವಾಗಿದ್ದಲ್ಲಿಯೂ ಈ ತೊಡಕು ತಪ್ಪುವುದಿಲ್ಲ. ದಿಲ್ಲಿಯಲ್ಲಿ 'ಪ್ರಥಮ್' ಸಂಸ್ಥೆಯ ಬಾಲವಾಡಿಗಳ 1540 ಮಕ್ಕಳ ಮೇಲೆ ನಡೆದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳು ಮಕ್ಕಳು ಚುಕ್ಕೆಗಳ ರಾಶಿಯನ್ನು, ಆಕೃತಿಗಳನ್ನು ಹೋಲಿಸುವ ಆಟಗಳನ್ನಾಡಿದರು. ಆ ಬಗೆಯ ಅಂದಾಜಿನ ಜಾಣ್ಮೆ ಬೆಳೆಯಿತು, ಒಂದು ವರ್ಷದ ತರುವಾಯವೂ ಉಳಿದಿತ್ತು. ಆದರೆ ಶಾಲೆಯ ಅಂಕಿ-ಸಂಖ್ಯೆಯ ಗಣಿತಕ್ಕೆ ಅದು ಹರಿದು ಬರಲಿಲ್ಲ. ಮಕ್ಕಳು ಆಡಿದ್ದನ್ನು ಕಲಿತರು. ಆಡದೆ ಇದ್ದದ್ದನ್ನು ಕಲಿಯಲಿಲ್ಲ.

ನಮ್ಮ ನಾಡಿನಲ್ಲಿಯೇ ಬೇರೆ ಬಗೆಯ ಏಣಿಯೊಂದಿದೆ. ಅದನ್ನು ಈ ದೃಷ್ಟಿಯಿಂದ ನೋಡಿದವರು ಕಡಿಮೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಪ್ರಯೋಗದಿಂದ ಸ್ಫೂರ್ತಿ ಪಡೆದು ಆರಂಭವಾದ 'ನಲಿ-ಕಲಿ' 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಬಸವನ ಬಾಗೇವಾಡಿ ತಾಲೂಕಿನ ಒಂದು ಶಾಲೆಯಲ್ಲಿ ಅದನ್ನು ಅರ್ಧ ದಿನ ಕುಳಿತು ನೋಡಿದ್ದೇನೆ. ಪಾಠವನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಕಲಿಕಾ ಏಣಿಯಾಗಿ ಬರೆದಿರುತ್ತಾರೆ. ಪ್ರತಿ ಮೆಟ್ಟಿಲಿಗೆ ಒಂದು ಚಿತ್ರದ ಗುರುತು, ಆ ಗುರುತಿನ ಕಾರ್ಡು. ಮಗು ತಾನಿರುವ ಮೆಟ್ಟಿಲು ಯಾವುದೆಂದು ಏಣಿಯಲ್ಲಿ ನೋಡಿ, ಆ ಕಾರ್ಡನ್ನು ತಾನೇ ತೆಗೆದುಕೊಂಡು, ತನಗೆ ತಕ್ಕ ತಟ್ಟೆಗೆ ಹೋಗಿ ಕುಳಿತುಕೊಳ್ಳುತ್ತದೆ. ತಟ್ಟೆಗಳು ಐದು: ಹೊಸದನ್ನು ಕಲಿಯುವವರು ಗುರುಗಳ ಪೂರ್ಣ ಬೆಂಬಲದ ಗುಂಪಿನಲ್ಲಿ, ಕ್ರಮೇಣ ಗೆಳೆಯರ ಬೆಂಬಲದ ಗುಂಪಿನಲ್ಲಿ, ಕೊನೆಗೆ ಸ್ವಕಲಿಕೆಯ ಗುಂಪಿನಲ್ಲಿ.

ಇಲ್ಲಿಯೂ ಮೆಟ್ಟಿಲಿದೆ, ಗುರುತಿದೆ, ಮುಂದೇರಿದ ಸಂತೋಷವಿದೆ. ಆದರೆ ಪೆನ್ಸಿಲಿನ ಆಮಿಷವಿಲ್ಲ, ಕ್ರಮಾಂಕವಿಲ್ಲ. ಹದಿನೈದು ದಿನ ಜೋಳದ ಸುಗ್ಗಿಗೆಂದೋ, ತಂದೆತಾಯಿಗಳು ದುಡಿಯಲು ಹೋದ ಊರಿಗೆಂದೋ ಹೋಗಿ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು; ಗುಳೆ ಹೋಗುವುದು ತಪ್ಪದ ನಮ್ಮ ಭಾಗಕ್ಕೆ ಇದು ಸಣ್ಣ ಮಾತಲ್ಲ. ಮೆಟ್ಟಿಲು ಹೇಳುವುದು 'ನೀನು ಯಾರಿಗಿಂತ ಹಿಂದೆ' ಎಂಬುದನ್ನಲ್ಲ, 'ನಿನಗೆ ಮುಂದೇನು' ಎಂಬುದನ್ನು. ಕೊರತೆಯನ್ನೂ ಮುಚ್ಚಿಡಲಾರೆ. ಮೆಟ್ಟಿಲು ದಾಟಿಸುವ ಮೊದಲು ಗುರುಗಳು ಒಂದೊಂದು ಮಗುವನ್ನೂ ಕೂರಿಸಿ ಪರಿಶೀಲಿಸಬೇಕು. ಇಬ್ಬರು ಮಾಡಬೇಕಾದ ಕೆಲಸ ಒಬ್ಬರ ಮೇಲೆ ಬಿದ್ದಲ್ಲಿ ಇಡೀ ಗುಂಪನ್ನು ಒಂದೇ ಸಲ ಮೇಲೆ ಹತ್ತಿಸಿಬಿಡುವುದೂ ಉಂಟು. ಆಗ ಏಣಿ ಗೋಡೆಯ ಮೇಲಿನ ಚಿತ್ರವಷ್ಟೇ. ಕಾರ್ಡು ಮುಗಿಸುವ ಅವಸರಕ್ಕೆ ಬಿದ್ದ ಮಗುವೂ ನನ್ನ ಕಣ್ಣಿಗೆ ಬಿತ್ತು. ಓದದೆಯೇ ಕಾರ್ಡನ್ನು ಹಿಂದಕ್ಕಿಟ್ಟು ಮುಂದಿನದಕ್ಕೆ ಕೈಚಾಚಿತ್ತು.

ಇನ್ನು ಸಿಂದಗಿ ತಾಲೂಕಿನ ಒಬ್ಬ ಗುರುಗಳ ಅನುಭವ ಹೇಳುತ್ತೇನೆ. ಅವರು ನನ್ನ ಬಹುಕಾಲದ ಪರಿಚಿತರು. ತಮ್ಮ ಹೆಸರು ಬೇಡವೆಂದಿದ್ದಾರೆ. ನಾಲ್ಕನೆಯ ತರಗತಿಗೆ ಮಗ್ಗಿ ಕಲಿಸಲು ಅವರು ಗೋಡೆಗೆ ಎಲ್ಲ ಮಕ್ಕಳ ಹೆಸರಿನ ಹಾಳೆ ಅಂಟಿಸಿ, ಒಪ್ಪಿಸಿದ ಮಗ್ಗಿಗೊಂದು ಚುಕ್ಕಿ ಕೊಡತೊಡಗಿದರು. ಎರಡು ವಾರ ಗದ್ದಲವೋ ಗದ್ದಲ. ಮೂರನೆಯ ವಾರ ನಾಲ್ಕು ಮಕ್ಕಳ ಸಾಲು ಮಾತ್ರ ಉದ್ದವಾಗುತ್ತ ಹೋಯಿತು, ಕೆಳಗಿನ ಸಾಲುಗಳು ನಿಂತಲ್ಲೇ ನಿಂತವು. ಒಂದು ದಿನ ಮೇಲಿನ ಸಾಲಿನ ಹುಡುಗನೊಬ್ಬನನ್ನು ಕರೆದು, ಏಳು ರೂಪಾಯಿಗೊಂದು ಪೆನ್ನಾದರೆ ಆರಕ್ಕೆ ಎಷ್ಟು ಎಂದು ಕೇಳಿದರು. ಹುಡುಗ ಏಳೊಂದಲೆ ಏಳರಿಂದ ಆರಂಭಿಸಿ, ಹಾಡಿನಂತೆ ಹೇಳಿಕೊಳ್ಳುತ್ತ ಏಳಾರಲೆಯನ್ನು ದಾಟಿ ಏಳು ಹತ್ತಲೆ ಎಪ್ಪತ್ತಕ್ಕೆ ನಿಂತು, ಗುರುಗಳ ಮುಖ ನೋಡಿ ಕೇಳಿದ: "ಸರ್, ಇದಕ್ಕೂ ಚುಕ್ಕಿ ಐತೇನ್ರಿ?" ಒಪ್ಪಿಸುವುದನ್ನು ಎಣಿಸಿದ್ದರು, ಒಪ್ಪಿಸುವುದೇ ಬೆಳೆದಿತ್ತು.

ಗುರುಗಳು ಏರ್ಪಾಟನ್ನು ಕೈಬಿಡಲಿಲ್ಲ, ತಿದ್ದಿದರು. ಗೋಡೆಯ ಹಾಳೆ ತೆಗೆದು ಪ್ರತಿ ಮಗುವಿನ ನೋಟುಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಅದರದೇ ಏಣಿ ಬರೆಸಿದರು. ಮೆಟ್ಟಿಲು ಏರಬೇಕಾದರೆ ಮಗ್ಗಿಯನ್ನು ಸಾಲಾಗಿ ಒಪ್ಪಿಸಿದರೆ ಸಾಲದು. ನಡುವಿನಿಂದ ಕೇಳಿದ ಐದು ಪ್ರಶ್ನೆ ಮತ್ತು ಒಂದು ಸಂತೆಯ ಲೆಕ್ಕಕ್ಕೆ ಉತ್ತರಿಸಬೇಕು. ತಪ್ಪಿದರೆ ಕಳೆಯುವುದೇನಿಲ್ಲ, ಮೂರು ದಿನ ಬಿಟ್ಟು ಮತ್ತೆ ಬರಬಹುದು. ಪೆನ್ಸಿಲು ಕೊಡುವುದನ್ನು ನಿಲ್ಲಿಸಿ, 'ನಿನ್ನೆ ಎಂಟರಲ್ಲಿ ತಡವರಿಸಿದ್ದಿ, ಇಂದು ನಿಲ್ಲದೆ ಹೇಳಿದಿ' ಎಂದು ಕೆಲಸವನ್ನೇ ಹೆಸರಿಸಿ ಮೆಚ್ಚುವುದನ್ನು ರೂಢಿಸಿಕೊಂಡರು. ಜೊತೆಗೆ ಇಡೀ ತರಗತಿಗೆ ಒಂದೇ ಗುರಿ ಇಟ್ಟರು: ಎಲ್ಲರೂ ಆರರ ಮೆಟ್ಟಿಲು ದಾಟಿದ ದಿನ ಮಧ್ಯಾಹ್ನ ಕೊನೆಯ ಅವಧಿ ಲಗೋರಿಗೆ. ಆಗ ಮೇಲಿನ ಸಾಲಿನವರು ತಾವಾಗಿಯೇ ಕೆಳಗಿನವರ ಪಕ್ಕದಲ್ಲಿ ಕುಳಿತರು.

ಆಮೇಲೆ ಅವರು ಮಾಡಿದ್ದು ಸ್ಟ್ಯಾನ್‌ಫರ್ಡಿನ ಪರೀಕ್ಷೆಯನ್ನೇ, ಅದರ ಹೆಸರು ಕೇಳದೆಯೇ. ಹತ್ತು ವಾರಗಳ ನಂತರ ಏಣಿ, ಗುರಿ ಎಲ್ಲವನ್ನೂ ಹದಿನೈದು ದಿನ ನಿಲ್ಲಿಸಿ, ಕೋಣೆಯ ಮೂಲೆಯಲ್ಲಿ ಲೆಕ್ಕದ ಚೀಟಿಗಳ ಡಬ್ಬಿಯನ್ನಿಟ್ಟು, ಬಿಡುವಿನಲ್ಲಿ ಯಾರು ತೆಗೆಯುತ್ತಾರೆಂದು ಏನೂ ಹೇಳದೆ ನೋಡಿದರು. ಚುಕ್ಕಿ ಇರುವಾಗಿನ ಓಟ ಏರ್ಪಾಟಿನ ಬಲವನ್ನಷ್ಟೇ ತೋರಿಸುತ್ತದೆ. ತೆಗೆದ ಮೇಲಿನ ನಡಿಗೆ ಮಗುವಿನ ಒಲವನ್ನು ತೋರಿಸುತ್ತದೆ. ಮನೆಯಲ್ಲಿಯೂ ಇದನ್ನು ಮಾಡಬಹುದು, ಖರ್ಚಿಲ್ಲ. ಫಲಿತಾಂಶ ಏನಾಯಿತೆಂದು ಕೇಳಿದೆ. "ಅರ್ಧಕ್ಕರ್ಧ ಮಂದಿ ಡಬ್ಬಿ ಕಡೆ ಹೊಳ್ಳಿ ನೋಡಲಿಲ್ರಿ" ಎಂದು ನಕ್ಕರು. "ಆದ್ರ ಕಡೀ ಬೆಂಚಿನ ಇಬ್ರು, ಮದಲ ಒಂದೂ ಚುಕ್ಕಿ ಇಲ್ಲದವರು, ದಿನಾ ಬಂದು ಚೀಟಿ ತೆಗಿತಿದ್ರು. ಅದು ಯಾಕಂತ ನನಗಿನ್ನೂ ತಿಳದಿಲ್ರಿ."

ಇಂಡಿಯ ಆ ತಾಯಿಗೆ ಮೊನ್ನೆ ಫೋನು ಮಾಡಿ ಹೇಳಿದ್ದು ಇಷ್ಟೇ: ಹಾಳೆಯನ್ನು ಹರಿಯಬೇಡ, ಹುಡುಗಿಗೆ ಬೇಸರವಾದೀತು, ಇದ್ದ ಚುಕ್ಕಿ ಇರಲಿ. ಮನೆಯಲ್ಲಿ ಮಾಡುವ ಲೆಕ್ಕಕ್ಕೆ ಮಾತ್ರ ಚುಕ್ಕಿಯ ಮಾತೆತ್ತದೆ, ಲಿಂಬೆಯ ತೂಕ, ಹಾಲಿನ ಲೆಕ್ಕ ಬರೆಯುವಾಗ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೆ ತಪ್ಪಿದಲ್ಲಿ ಆಕೆಯಿಂದಲೇ ತಿದ್ದಿಸಿಕೋ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಪ್ಪೂದು ನನಗ ದಿನಾ ತಪ್ಪತೈತಿ ಬಿಡ್ರಿ ಮುತ್ಯಾ" ಎಂದಳು.